ಏಟಿನ ತೂಕ, ಏಟಿನ ಲೆಕ್ಕ

ರೋಲ್-ಪ್ಲೇಯಿಂಗ್ ಗೇಮ್ ಆಡುವವರು ನಾಲ್ಕು ಜನ ಸೇರಿದರೆ ಬಿಲ್ಡ್, ಅಂದರೆ ಪಾತ್ರಕ್ಕೆ ಯಾವ ಗುಣ, ಯಾವ ಆಯುಧ ಅನ್ನುವ ಮಾತು ಬರದೆ ಇರುವುದಿಲ್ಲ. ಬಿಲ್ಡ್ ಮಾತು ಬಂತೆಂದರೆ ಸ್ವಲ್ಪ ಹೊತ್ತಿಗೇ ಯಾರಾದರೊಬ್ಬರು ಆಯುಧದ ಡ್ಯಾಮೇಜನ್ನು ಸ್ಪೀಡಿನಿಂದ ಗುಣಿಸಿ, ಬಂದ ಉತ್ತರವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ‘ಇಗೋ, ಮೇಲಿರೋದನ್ನ ತಗೊಂಡ್ರೆ ಆಯ್ತು’ ಅನ್ನುತ್ತಾರೆ. ಆ ಗುಣಾಕಾರದ ಹೆಸರು ಡಿಪಿಎಸ್, ಅಂದರೆ ಸೆಕೆಂಡಿಗೆ ಬೀಳುವ ಡ್ಯಾಮೇಜ್. ಲೆಕ್ಕದಲ್ಲಿ ತಪ್ಪೇನೂ ಇರುವುದಿಲ್ಲ. ಆದರೂ ಆ ಪಟ್ಟಿ ನೋಡಿದಾಗಲೆಲ್ಲ ನನಗೆ ಏನೋ ಕಿರಿಕಿರಿ. ಯಾಕೆಂದರೆ ಆ ಗುಣಾಕಾರ ನಿಜವಾಗಬೇಕಾದರೆ ಎದುರಾಳಿ ಮೈಮೇಲೆ ಕವಚವಿಲ್ಲದೆ, ನಮ್ಮ ಕೈಗೆ ಎಟುಕುವಷ್ಟು ಹತ್ತಿರದಲ್ಲಿ, ಮುಗಿಯದ ಹೆಲ್ತ್ ಇಟ್ಟುಕೊಂಡು, ಕದಲದೆ ನಿಂತಿರಬೇಕು. ಅಂಥ ಎದುರಾಳಿಯನ್ನು ನಾನು ಯಾವ ಗೇಮಿನಲ್ಲೂ ಕಂಡಿಲ್ಲ.

ಬೀಸುವ ಸ್ಪೀಡ್, ಎಟುಕುವ ದೂರ ಅಂದರೆ ರೀಚ್, ಡ್ಯಾಮೇಜ್ ಈ ಮೂರನ್ನೂ ಪ್ರತಿ ಆಯುಧಕ್ಕೂ ಅಂಕಿಗಳಾಗಿಯೇ ಇಟ್ಟ ಗೇಮುಗಳಲ್ಲಿ ನನಗೆ ಚೆನ್ನಾಗಿ ಪರಿಚಯ ಇರುವುದು 2002ರ ಮಾರೋವಿಂಡ್. ಅದೇ ಸರಣಿಯ 2011ರ ಸ್ಕೈರಿಮ್‌ನಲ್ಲೂ ಈ ಮೂರೂ ಇವೆ, ಆದರೆ ಒಳಗಿನ ನಿಯಮ ಬೇರೆ. ಒಂದರಲ್ಲಿ ಗೆಲ್ಲಿಸುವ ಆಯುಧ ಇನ್ನೊಂದರಲ್ಲಿ ಯಾಕೆ ಸೋಲಿಸುತ್ತದೆ ಅನ್ನುವುದನ್ನು ಬಿಡಿಸಿ ನೋಡಿದರೆ, ಮೂರನೇ ಯಾವುದೋ ಗೇಮಿಗೆ ಬಿಲ್ಡ್ ಮಾಡುವಾಗ ಮೊದಲು ಎಲ್ಲಿ ಕಣ್ಣು ಹಾಯಿಸಬೇಕು ಅನ್ನುವುದು ಗೊತ್ತಾಗುತ್ತದೆ.

## ಕವಚದ ಮೇಲೆ ಕಠಾರಿ

ನನ್ನ ಗೆಳೆಯನೊಬ್ಬ ಮಾರೋವಿಂಡ್‌ನಲ್ಲಿ ಕಠಾರಿ ಹಿಡಿಯುವ ಕಳ್ಳನ ಪಾತ್ರ ಮಾಡಿಕೊಂಡಿದ್ದ. ಕೈಯಲ್ಲಿ ಡೇಡ್ರಿಕ್ ಕಠಾರಿ, ಸ್ಪೀಡ್ 2.5. ಸಿಕ್ಕ ಇಲಿ, ಏಡಿ, ಗುಹೆಯ ಪುಂಡರನ್ನೆಲ್ಲ ಪಟಪಟನೆ ಮುಗಿಸುತ್ತಿದ್ದ. ಒಂದು ದಿನ ಮೈತುಂಬ ಕವಚ ತೊಟ್ಟ ಕಾವಲುಗಾರನೊಬ್ಬನನ್ನು ಕೆಣಕಿದ. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಏಟುಗಳು ಬೀಳುತ್ತಲೇ ಇದ್ದವು, ಲೋಹಕ್ಕೆ ಲೋಹ ತಾಗುವ ಸದ್ದು ಬರುತ್ತಲೇ ಇತ್ತು, ಕಾವಲುಗಾರನ ಹೆಲ್ತ್ ಪಟ್ಟಿ ಮಾತ್ರ ಕದಲಿದ ಹಾಗೇ ಕಾಣುತ್ತಿರಲಿಲ್ಲ. ‘ಎಲ್ಲಾ ತಾಗ್ತಿದೆ ಕಣೋ, ಒಂದೂ ಮಿಸ್ ಆಗ್ತಿಲ್ಲ, ಬಗ್ ಇರ್ಬೇಕು’ ಅಂದ. ಬಗ್ ಇರಲಿಲ್ಲ. ಗೇಮು ತನ್ನ ನಿಯಮವನ್ನು ಸರಿಯಾಗಿಯೇ ಪಾಲಿಸುತ್ತಿತ್ತು.

ಆ ನಿಯಮ ಇಷ್ಟೇ. ಒಂದು ಏಟಿನ ಡ್ಯಾಮೇಜ್ D, ಎದುರಾಳಿಯ ಆರ್ಮರ್ ರೇಟಿಂಗ್ A ಆದರೆ, ಮೈಗೆ ತಾಗುವುದು:

```
D * D / (D + A)
```

ಜೊತೆಗೊಂದು ರಿಯಾಯಿತಿ ಇದೆ. ಕವಚ ಎಷ್ಟೇ ಗಟ್ಟಿಯಾಗಿರಲಿ, ಏಟಿನ ಕಾಲು ಭಾಗವಂತೂ ಒಳಗೆ ಹೋಗಿಯೇ ಹೋಗುತ್ತದೆ. ಈ ಸೂತ್ರದಲ್ಲಿ ಸ್ಪೀಡ್ ಎಲ್ಲೂ ಇಲ್ಲ ಅನ್ನುವುದನ್ನು ಗಮನಿಸಿ. ಕವಚಕ್ಕೆ ಕಾಣುವುದು ಒಂದೊಂದೇ ಏಟು. ಏಟು ದೊಡ್ಡದಾದಷ್ಟೂ ಅದರಲ್ಲಿ ಕವಚ ನುಂಗುವ ಪಾಲು ಕಡಿಮೆ. ಚಿಕ್ಕ ಚಿಕ್ಕ ಏಟುಗಳನ್ನು ನೂರು ಹಾಕಿದರೆ ನೂರು ಸಲವೂ ಅದೇ ಸುಂಕ ಕಟ್ಟಬೇಕು.

ಅಂಕಿ ಹಾಕಿ ನೋಡೋಣ. ಪಾತ್ರದ ಸ್ಟ್ರೆಂಥ್ 100 ಇದ್ದರೆ ಮಾರೋವಿಂಡ್ ಆಯುಧದ ಡ್ಯಾಮೇಜನ್ನು ಒಂದೂವರೆ ಪಟ್ಟು ಮಾಡುತ್ತದೆ. ಆಯುಧ ಸವೆದಿಲ್ಲ, ಪ್ರತಿ ಏಟನ್ನೂ ಪೂರ್ತಿ ಎಳೆದು ಹೊಡೆಯುತ್ತಿದ್ದೇವೆ ಅಂದುಕೊಳ್ಳಿ. ಡೇಡ್ರಿಕ್ ಕಠಾರಿಯ ಗರಿಷ್ಠ ಏಟು 12, ಒಂದೂವರೆ ಪಟ್ಟಾದರೆ 18. ಸ್ಪೀಡ್ 2.5ರಿಂದ ಗುಣಿಸಿದರೆ ಡಿಪಿಎಸ್ ಪಟ್ಟಿಯಲ್ಲಿ 45. ಎರಡು ಕೈಯಲ್ಲಿ ಹಿಡಿಯುವ ಡೇಡ್ರಿಕ್ ಡೈ-ಕಟಾನಾದ ಗರಿಷ್ಠ ಏಟು 60, ಒಂದೂವರೆ ಪಟ್ಟಾದರೆ 90. ಸ್ಪೀಡ್ 1.35ರಿಂದ ಗುಣಿಸಿದರೆ 121.5. ಅಂದರೆ ಬರಿಮೈ ಎದುರಾಳಿಯ ಮೇಲೆ ಡೈ-ಕಟಾನಾ ಕಠಾರಿಯ 2.7 ಪಟ್ಟು. ಕಠಾರಿ ಹಗುರ, ಅಗ್ಗ, ಇನ್ನೊಂದು ಕೈಯಲ್ಲಿ ಗುರಾಣಿಗೂ ಜಾಗ ಇದೆ. ಇಷ್ಟು ಅಂತರವನ್ನು ಸಹಿಸಿಕೊಳ್ಳಬಹುದು ಅನ್ನಿಸುತ್ತದೆ.

ಈಗ ಎದುರಾಳಿಗೆ 60ರ ಆರ್ಮರ್ ತೊಡಿಸಿ. ಡೈ-ಕಟಾನಾದ 90ರಲ್ಲಿ ಒಳಗೆ ಹೋಗುವುದು 54. ಕಠಾರಿಯ 18ರಲ್ಲಿ ಸೂತ್ರದ ಪ್ರಕಾರ ನಾಲ್ಕು ಚಿಲ್ಲರೆ ಬರುತ್ತದೆ. ಅದು ಕಾಲು ಭಾಗಕ್ಕಿಂತಲೂ ಕಡಿಮೆಯಾದ್ದರಿಂದ ರಿಯಾಯಿತಿ ಸೇರಿ 4.5. ಮತ್ತೆ ಸ್ಪೀಡಿನಿಂದ ಗುಣಿಸಿದರೆ ಡೈ-ಕಟಾನಾ 72.9, ಕಠಾರಿ 11.25. 2.7 ಪಟ್ಟಿದ್ದ ಅಂತರ ಸುಮಾರು ಆರೂವರೆ ಪಟ್ಟಾಯಿತು. ಗೆಳೆಯನ ಕಠಾರಿ ತಾಗುತ್ತಿದ್ದದ್ದೂ ನಿಜ, ಕಾವಲುಗಾರನಿಗೆ ಏನೂ ಆಗದಿದ್ದದ್ದೂ ನಿಜ.

ಇದನ್ನು ಗೇಮಿನೊಳಗೇ ಪತ್ತೆ ಮಾಡುವುದು ಸುಲಭ. ಒಂದೇ ಆಯುಧದಿಂದ ಕವಚವಿಲ್ಲದವನನ್ನೂ ಕವಚ ಇರುವವನನ್ನೂ ಹೊಡೆದು ನೋಡಿ. ಏಟು ತಾಗುವ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿದ್ದು, ಮುಗಿಸಲು ಬೇಕಾದ ಏಟುಗಳು ಮೂರ್ನಾಲ್ಕು ಪಟ್ಟಾದರೆ, ನಿಮ್ಮ ಏಟು ಆ ಕವಚಕ್ಕೆ ಚಿಕ್ಕದಾಗಿದೆ. ಆಗ ಸ್ಪೀಡ್ ಹೆಚ್ಚಿಸಿ ಪ್ರಯೋಜನ ಕಡಿಮೆ. ಸ್ಟ್ರೆಂಥ್ ಹೆಚ್ಚಿಸಬೇಕು, ಇಲ್ಲವೇ ಆಯುಧ ಬದಲಿಸಬೇಕು.

## ಹತ್ತಿರದ ಇಬ್ಬರು

ಕಠಾರಿ ಮತ್ತು ಡೈ-ಕಟಾನಾದ ಹೋಲಿಕೆ ಸ್ವಲ್ಪ ಮೋಸದ್ದು. ಎರಡೂ ತೀರಾ ದೂರದ ಆಯುಧಗಳು. ಬಿಲ್ಡ್ ಮಾಡುವವನಿಗೆ ನಿಜವಾಗಿ ತಲೆ ಕೆಡಿಸುವುದು ಕಟಾನಾ ಮತ್ತು ಡೈ-ಕಟಾನಾದ ನಡುವಿನ ಆಯ್ಕೆ. ಎರಡಕ್ಕೂ ಬೇಕಾದದ್ದು ಒಂದೇ ಲಾಂಗ್ ಬ್ಲೇಡ್ ಸ್ಕಿಲ್, ಎರಡರ ರೀಚೂ ಒಂದೇ. ಡೇಡ್ರಿಕ್ ಕಟಾನಾದ ಗರಿಷ್ಠ ಏಟು 44, ಸ್ಪೀಡ್ 1.5, ಒಂದೇ ಕೈ ಸಾಕು. ಮೇಲಿನ ಲೆಕ್ಕವನ್ನೇ ಹಾಕಿದರೆ ಬರಿಮೈ ಮೇಲೆ 99, ಆರ್ಮರ್ 60ರ ಮೇಲೆ ಸುಮಾರು 52. ಎರಡು ಕಡೆಯೂ ಡೈ-ಕಟಾನಾ ಮುಂದಿದೆ, ಕವಚದ ಮೇಲೆ ಇನ್ನಷ್ಟು ಮುಂದಿದೆ. ಹಾಗಾದರೆ ಮಾತು ಮುಗಿಯಿತೇ?

ಮುಗಿಯಲಿಲ್ಲ. ಎದುರಾಳಿ ಸಾಯುವುದು ಡಿಪಿಎಸ್‌ನಿಂದ ಅಲ್ಲ, ಇಡೀ ಏಟುಗಳಿಂದ. ಅರ್ಧ ಏಟು ಅಂತ ಒಂದಿಲ್ಲ. ಆರ್ಮರ್ 60, ಹೆಲ್ತ್ 65 ಇರುವವನನ್ನು ತೆಗೆದುಕೊಳ್ಳಿ. ಡೈ-ಕಟಾನಾದ ಏಟು 54, ಆದ್ದರಿಂದ ಎರಡು ಬೇಕು. ಎರಡನೆಯದರಲ್ಲಿ ಬಹುಪಾಲು ದಂಡ. ಕಟಾನಾದ ಏಟು ಮೂವತ್ತನಾಲ್ಕೂವರೆ, ಅದಕ್ಕೂ ಎರಡೇ ಸಾಕು. ಏಟುಗಳು ಸಮ, ಕಟಾನಾದ ಸ್ಪೀಡ್ ಹೆಚ್ಚು, ಆದ್ದರಿಂದ ಅದೇ ಮೊದಲು ಮುಗಿಸುತ್ತದೆ. ಈ ಆರ್ಮರಿಗೆ ಹೆಲ್ತ್ 55ರಿಂದ 69ರವರೆಗೆ ಇರುವವರೆಲ್ಲರ ಮೇಲೂ ಕಟಾನಾದ್ದೇ ಮೇಲುಗೈ. ಹೆಲ್ತ್ 100 ಆದರೆ ಡೈ-ಕಟಾನಾಗೆ ಎರಡೇ ಏಟು, ಕಟಾನಾಗೆ ಮೂರು, ಮತ್ತೆ ಪಾರಮ್ಯ ತಿರುಗುತ್ತದೆ. ಹೀಗಾಗಿ ಈ ಎರಡರಲ್ಲಿ ಯಾವುದು ಅನ್ನುವ ಪ್ರಶ್ನೆಗೆ ಉತ್ತರ ಆಯುಧದಲ್ಲಿಲ್ಲ, ನೀವು ಆ ಹೊತ್ತಿಗೆ ಓಡಾಡುತ್ತಿರುವ ಜಾಗದಲ್ಲಿ ಎಂಥವರು ಸಿಗುತ್ತಾರೆ ಅನ್ನುವುದರಲ್ಲಿದೆ. ಪುಂಡರ ಗುಹೆ, ಕಳ್ಳಸಾಗಣೆಯವರ ಅಡ್ಡೆ ಅಂದರೆ ನಾನು ಕಟಾನಾ ಮತ್ತು ಗುರಾಣಿ ಹಿಡಿಯುತ್ತೇನೆ.

ಇಲ್ಲಿ ಇನ್ನೊಂದು ಸಂಗತಿ, ಅಂಕಿಗಳ ಪಟ್ಟಿಯಲ್ಲೇ ಇದ್ದರೂ ಬಹಳ ಜನ ಓದದೆ ಬಿಡುವಂಥದು. ಡೈ-ಕಟಾನಾದ ಡ್ಯಾಮೇಜ್ ಬರೆದಿರುವುದು 1ರಿಂದ 60 ಅಂತ. ಕಠಾರಿಯದ್ದು 8ರಿಂದ 12. ಈ ವ್ಯಾಪ್ತಿ ದಾಳದ ಆಟವಲ್ಲ. ಬಟನ್ ಒತ್ತಿ ಎಷ್ಟು ಹೊತ್ತು ಹಿಡಿದಿರಿ ಅನ್ನುವುದರ ಮೇಲೆ ಏಟು ಆ ವ್ಯಾಪ್ತಿಯಲ್ಲಿ ಎಲ್ಲಿ ಬೀಳುತ್ತದೆ ಅನ್ನುವುದು ನಿರ್ಧಾರವಾಗುತ್ತದೆ. ಗಾಬರಿಯಲ್ಲಿ ಟಕಟಕ ಕ್ಲಿಕ್ ಮಾಡಿದರೆ ಕಠಾರಿ 8ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಡೈ-ಕಟಾನಾ ಒಂದಂಕಿಗೆ ಬಂದು ನಿಲ್ಲುತ್ತದೆ. ಅರ್ಧ ಎಳೆದು ಬಿಟ್ಟರೂ ನಷ್ಟ ಅರ್ಧಕ್ಕೇ ನಿಲ್ಲುವುದಿಲ್ಲ: 60ರ ಬದಲು ಸುಮಾರು 30 ಬಿದ್ದು, ಒಂದೂವರೆ ಪಟ್ಟಾಗಿ 46ರ ಹತ್ತಿರ ಬಂದು, ಆರ್ಮರ್ 60ರ ಸೂತ್ರ ದಾಟಿ ಒಳಗೆ ಹೋಗುವುದು 20. ಪೂರ್ತಿ ಎಳೆದಿದ್ದರೆ 54 ಹೋಗುತ್ತಿತ್ತು. ಆದ್ದರಿಂದ ಬಿಲ್ಡ್ ಯೋಚಿಸುವಾಗ ನಿಮ್ಮ ಬೆರಳಿನ ಸ್ವಭಾವವೂ ಒಂದು ಸ್ಟ್ಯಾಟ್ ಅಂತ ಇಟ್ಟುಕೊಳ್ಳಿ. ತಾಳ್ಮೆಯಿಂದ ಎಳೆದು ಬಿಡುವವರಿಗೆ ಅಗಲ ವ್ಯಾಪ್ತಿಯ ಆಯುಧ. ಕ್ಲಿಕ್ ಮಾಡದೆ ಇರಲಾಗದವರಿಗೆ ಕನಿಷ್ಠ ಏಟು ಜಾಸ್ತಿ ಇರುವ ಆಯುಧ.

ಫಟೀಗಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಬೀಸಿಗೂ ಆಯುಧದ ತೂಕದ ಕಾಲು ಭಾಗದಷ್ಟು ಫಟೀಗ್ ಹೋಗುತ್ತದೆ, ಮೇಲೆ ಇನ್ನೆರಡು. ಡೈ-ಕಟಾನಾದ ತೂಕ 60, ಅಂದರೆ ಪೂರ್ತಿ ಎಳೆದ ಒಂದೊಂದು ಬೀಸಿಗೂ 17. ಫಟೀಗ್ 280 ಇರುವ ಪಾತ್ರಕ್ಕೆ ಹದಿನಾರು ಬೀಸಿನಲ್ಲಿ ಉಸಿರು ಮುಗಿಯಿತು. ಉಸಿರು ಮುಗಿದರೆ ಗುರಿ ತಪ್ಪುತ್ತದೆ: ಫಟೀಗ್ ತುಂಬಿದ್ದಾಗ ನೂರಕ್ಕೆ 95ರಷ್ಟಿದ್ದ ನಿಮ್ಮ ಏಟು ತಾಗುವ ಅವಕಾಶ, ಬರಿದಾದಾಗ 57ಕ್ಕೆ ಬರುತ್ತದೆ, ಎದುರಾಳಿ ತಪ್ಪಿಸಿಕೊಳ್ಳುವುದನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ. ಜಗಳಕ್ಕೆ ಮುಂಚೆ ಓಡಿಕೊಂಡು ಬರಬೇಡಿ ಅಂತ ಹಳಬರು ಹೇಳುವುದು ಇದಕ್ಕೇ.

## ರೀಚ್ ಅನ್ನುವ ಬಡಪಾಯಿ

ಡಿಪಿಎಸ್ ಪಟ್ಟಿಯಲ್ಲಿ ಈ ಎರಡು ಕತ್ತಿಗಳಿಗಿಂತ ಯಾವತ್ತೂ ಕೆಳಗೆ ಕೂರುವುದು ಈಟಿ. ಡೇಡ್ರಿಕ್ ಈಟಿಯ ಗರಿಷ್ಠ ಚುಚ್ಚು 40, ಸ್ಪೀಡ್ 1. ಸ್ಟ್ರೆಂಥ್ 100ಕ್ಕೆ 60. ಆರ್ಮರ್ 60ರ ಮೇಲೆ 30. ಡೈ-ಕಟಾನಾದ 73ರ ಎದುರು ಈ 30 ಇಟ್ಟರೆ ನಗು ಬರುತ್ತದೆ. ಆದರೆ ಈಟಿಯ ರೀಚ್ 1.8, ಮೇಲೆ ಹೇಳಿದ ಕತ್ತಿಗಳದ್ದು 1. ಅದರ ಬೆಲೆ ಎಷ್ಟು?

ಮಾರೋವಿಂಡ್ ರೀಚನ್ನು 128 ಯೂನಿಟ್‌ನಿಂದ ಗುಣಿಸಿ ದೂರ ಕಂಡುಕೊಳ್ಳುತ್ತದೆ. ಕತ್ತಿ 128 ಯೂನಿಟ್ ಎಟುಕುತ್ತದೆ, ಈಟಿ 230. ನಡುವಿನ 102 ಯೂನಿಟ್ ಜಾಗದಲ್ಲಿ ನೀವು ಹೊಡೆಯಬಹುದು, ಅವನು ಹೊಡೆಯಲಾರ. ಈಗ ಅವನು ಓಡಿ ಬರುತ್ತಾನೆ. ಪಾತ್ರದ ಸ್ಪೀಡ್ ಗುಣ 50, ಅಥ್ಲೆಟಿಕ್ಸ್ 30 ಇರುವ, ಹೆಚ್ಚು ಹೊರೆ ಹೊರದವನು ಸೆಕೆಂಡಿಗೆ ಸುಮಾರು 300 ಯೂನಿಟ್ ಓಡುತ್ತಾನೆ. ಅಂದರೆ ನಿಮ್ಮ ಆ ಸುರಕ್ಷಿತ ಪಟ್ಟಿಯನ್ನು ಅವನು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ದಾಟುತ್ತಾನೆ. ಅಷ್ಟರಲ್ಲಿ ಈಟಿಯನ್ನು ಎಳೆದು ಚುಚ್ಚಲು ಸಮಯ ಇಲ್ಲ. ಅವನು ಬರುವ ಮೊದಲೇ ಎಳೆದು ಹಿಡಿದು, ಒಳಗೆ ಕಾಲಿಟ್ಟ ಕ್ಷಣ ಬಿಟ್ಟರೆ ಒಂದು ಚುಚ್ಚು ಪುಕ್ಕಟೆ. ಅಷ್ಟೇ, ಒಂದೇ. ನಿಂತಲ್ಲೇ ನಿಂತು ಹೋರಾಡುವ ಪಾತ್ರಕ್ಕೆ ರೀಚಿನ ಬೆಲೆ ಒಂದು ಏಟು. ಅದಕ್ಕಾಗಿ ಅರ್ಧಕ್ಕಿಂತ ಹೆಚ್ಚು ಡ್ಯಾಮೇಜ್ ಬಿಟ್ಟುಕೊಡುವುದು ದುಬಾರಿ ವ್ಯಾಪಾರ.

ಲೆಕ್ಕ ಬದಲಾಗುವುದು ಕಾಲು ಸೇರಿದಾಗ. ನೀವು ಹಿಂದಕ್ಕೆ ಸರಿಯುತ್ತಾ ಹೋದರೆ ಅವನು ಆ 102 ಯೂನಿಟ್ ದಾಟಬೇಕಾದದ್ದು ಅವನ ಓಟದ ವೇಗದಲ್ಲಲ್ಲ, ಇಬ್ಬರ ವೇಗದ ವ್ಯತ್ಯಾಸದಲ್ಲಿ. ಅವನು 300, ನೀವು 250 ಆದರೆ ಆ ಪಟ್ಟಿ ದಾಟಲು ಅವನಿಗೆ ಎರಡು ಸೆಕೆಂಡ್ ಬೇಕು. ನೀವೂ 300 ಆದರೆ ದಾಟುವುದೇ ಇಲ್ಲ. ಒಂದು ಪುಕ್ಕಟೆ ಚುಚ್ಚು ಇದ್ದದ್ದು ಪೂರ್ತಿ ಜಗಳವೇ ಪುಕ್ಕಟೆಯಾಗುತ್ತದೆ. ಹಾಗಾಗಿ ಈಟಿಯ ಬಿಲ್ಡ್ ಅಂದರೆ ಈಟಿ ಕೊಳ್ಳುವುದಲ್ಲ. ಸ್ಪೀಡ್ ಗುಣ, ಅಥ್ಲೆಟಿಕ್ಸ್, ಕಡಿಮೆ ಹೊರೆ ಈ ಮೂರನ್ನು ಕೊಳ್ಳುವುದು. ಭಾರದ ಕವಚ ತೊಟ್ಟು ಈಟಿ ಹಿಡಿದವನಿಗೆ ಈಟಿಯ ಕಷ್ಟ ಎಲ್ಲ ಬರುತ್ತದೆ, ಸುಖ ಬರುವುದಿಲ್ಲ.

ಗೇಮು ಇದಕ್ಕೆ ಒಂದು ಒತ್ತಾಸೆಯನ್ನೂ ಕೊಟ್ಟಿದೆ. ಮಾರೋವಿಂಡ್‌ನಲ್ಲಿ ನೀವು ಹೇಗೆ ಚಲಿಸುತ್ತಿದ್ದೀರಿ ಅನ್ನುವುದರ ಮೇಲೆ ಹೊಡೆತದ ಬಗೆ ಬದಲಾಗುತ್ತದೆ: ನಿಂತಿದ್ದರೆ ಮೇಲಿಂದ ಕಡಿತ, ಪಕ್ಕಕ್ಕೆ ಸರಿದರೆ ಅಡ್ಡ ಬೀಸು, ಮುಂದೆ ಅಥವಾ ಹಿಂದೆ ಹೋದರೆ ಚುಚ್ಚು. ‘ಯಾವಾಗಲೂ ಅತ್ಯುತ್ತಮ ದಾಳಿ’ ಅನ್ನುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕದಿದ್ದರೆ, ಹಿಂದೆ ಸರಿಯುತ್ತಾ ಡೈ-ಕಟಾನಾ ಬೀಸುವವನಿಗೆ ಸಿಗುವುದು ಅದರ ಚುಚ್ಚು, ಅಂದರೆ ಕಡಿತದ ಅರ್ಧದಷ್ಟು. ಈಟಿಗೆ ಚುಚ್ಚೇ ಸರ್ವಸ್ವ. ಹಿಂದೆ ಸರಿಯುವಾಗ ಅದರ ಪೂರ್ತಿ ಬಲ ತಾನಾಗಿಯೇ ಸಿಗುತ್ತದೆ.

ರೀಚ್ ಕೈಕೊಡುವ ಜಾಗಗಳೂ ಇವೆ. ಬೆನ್ನ ಹಿಂದೆ ಗೋಡೆ ಇದ್ದರೆ ಮುಗಿಯಿತು, ಸರಿಯಲು ಜಾಗವೇ ಇಲ್ಲ. ಇಕ್ಕಟ್ಟಾದ ಗೋರಿ, ತಿರುವಿನ ಮೆಟ್ಟಿಲು, ಇಬ್ಬರು ಎರಡು ಕಡೆಯಿಂದ ಬರುವ ಸಂದರ್ಭ ಇವೆಲ್ಲ ಈಟಿಯವನ ಶತ್ರುಗಳು. ದೂರದಿಂದ ಮಂತ್ರ ಎಸೆಯುವವನ ಎದುರಂತೂ 102 ಯೂನಿಟ್‌ಗೆ ಮೂರು ಕಾಸಿನ ಬೆಲೆ ಇಲ್ಲ.

## ಅದೇ ಪಟ್ಟಿ, ತಲೆಕೆಳಗು

ಈಗ ಸ್ಕೈರಿಮ್‌ಗೆ ಬನ್ನಿ. ಇಲ್ಲಿ ಆರ್ಮರ್ ಶೇಕಡಾವಾರು ಕಡಿತ. ಮಿತಿ ಶೇಕಡಾ 80. ಅರ್ಧ ತಡೆಯುವ ಕವಚ ದೊಡ್ಡ ಏಟಿನದ್ದೂ ಅರ್ಧ ತಡೆಯುತ್ತದೆ, ಚಿಕ್ಕ ಏಟಿನದ್ದೂ ಅರ್ಧ. ದೊಡ್ಡ ಏಟಿಗೆ ಮಾರೋವಿಂಡ್ ಕೊಟ್ಟಿದ್ದ ಆದ್ಯತೆ ಇಲ್ಲಿ ಮಾಯ. ಹಾಗಾದರೆ ಸ್ಪೀಡ್ ಮತ್ತು ಡ್ಯಾಮೇಜ್ ಸಮ ಸಮ ಅಂದುಕೊಳ್ಳಬೇಡಿ. ಇಲ್ಲಿ ತಕ್ಕಡಿಯನ್ನು ಓಲಿಸುವುದು ಬೇರೆಯದು: ಆಯುಧಕ್ಕೆ ತುಂಬಿದ ಮಂತ್ರಶಕ್ತಿ, ಅಂದರೆ ಎನ್‌ಚಾಂಟ್‌ಮೆಂಟ್.

ಕಬ್ಬಿಣದ ಮೂರು ಆಯುಧ ತೆಗೆದುಕೊಳ್ಳೋಣ. ಕಠಾರಿ ಡ್ಯಾಮೇಜ್ 4, ಸ್ಪೀಡ್ 1.3. ಕತ್ತಿ 7, ಸ್ಪೀಡ್ 1. ಎರಡು ಕೈಯ ವಾರ್‌ಹ್ಯಾಮರ್ 18, ಸ್ಪೀಡ್ 0.6. ಗುಣಿಸಿದರೆ 5.2, 7, 10.8. ಸುತ್ತಿಗೆ ಮೊದಲು, ಕಠಾರಿ ಕೊನೆ. ಈಗ ಮೂರಕ್ಕೂ ಏಟಿಗೆ 20 ಬೆಂಕಿ ಡ್ಯಾಮೇಜ್ ಕೊಡುವ ಎನ್‌ಚಾಂಟ್‌ಮೆಂಟ್ ಹಾಕಿ. ಆ 20 ಕಠಾರಿಗೂ ಅಷ್ಟೇ, ಸುತ್ತಿಗೆಗೂ ಅಷ್ಟೇ. ಕಠಾರಿ 24 ಗುಣಿಸು 1.3, ಅಂದರೆ 31.2. ಕತ್ತಿ 27. ಸುತ್ತಿಗೆ 38 ಗುಣಿಸು 0.6, ಅಂದರೆ 22.8. ಪಟ್ಟಿ ಪೂರ್ತಿ ತಲೆಕೆಳಗಾಯಿತು. ಎದುರಾಳಿಗೆ ಅರ್ಧ ತಡೆಯುವ ಕವಚ ತೊಡಿಸಿದರೆ ಸುತ್ತಿಗೆಯ ಸ್ಥಿತಿ ಇನ್ನೂ ಕೆಡುತ್ತದೆ, ಯಾಕೆಂದರೆ ಕವಚ ಲೋಹದ ಏಟನ್ನು ತಡೆಯುತ್ತದೆಯೇ ಹೊರತು ಬೆಂಕಿಯನ್ನಲ್ಲ: ಕಠಾರಿ 28.6, ಕತ್ತಿ 23.5, ಸುತ್ತಿಗೆ 17.4. ಕವಚದವನ ಮೇಲೆ ಕಠಾರಿಯೇ ಸರಿ ಅನ್ನುವ, ಮಾರೋವಿಂಡ್ ಆಡಿದವನ ಕಿವಿಗೆ ಹುಚ್ಚು ಅನ್ನಿಸುವ ಮಾತು ಇಲ್ಲಿ ನಿಜವಾಗುತ್ತದೆ.

(ಗೇಮ್ ಮಾಡಿದವರಿಗೂ ಇದರ ಅರಿವಿತ್ತು ಅನ್ನುವುದಕ್ಕೆ ಒಂದು ಸುಳಿವು: ಬೀಸುವ ವೇಗ ಹೆಚ್ಚಿಸುವ ಎಲಿಮೆಂಟಲ್ ಫ್ಯೂರಿ ಅನ್ನುವ ಶೌಟ್, ಅಂದರೆ ಕೂಗಿ ಹಾಕುವ ಮಂತ್ರ, ಎನ್‌ಚಾಂಟ್ ಆದ ಆಯುಧದ ಮೇಲೆ ಕೆಲಸ ಮಾಡುವುದೇ ಇಲ್ಲ.)

ಇದಕ್ಕೂ ಮಿತಿ ಇದೆ. ಎನ್‌ಚಾಂಟ್‌ಮೆಂಟ್‌ನ ಚಾರ್ಜ್ ಖರ್ಚಾಗುವುದು ಏಟಿನ ಲೆಕ್ಕದಲ್ಲಿ, ಆದ್ದರಿಂದ ವೇಗದ ಆಯುಧ ಅದನ್ನು ಬೇಗ ಬರಿದು ಮಾಡುತ್ತದೆ. ಬರಿದಾದ ಮೇಲೆ ಕೈಯಲ್ಲಿ ಉಳಿಯುವುದು ಆ 5.2ರ ಕಠಾರಿ. ಬೆಂಕಿಗೆ ಜಗ್ಗದ ಎದುರಾಳಿಯ ಮೇಲೂ ಅದೇ ಗತಿ. ಮೇಲಾಗಿ ನಾನು ತೆಗೆದುಕೊಂಡದ್ದು ಕಬ್ಬಿಣದ ಆಯುಧ. ಸ್ಮಿಥಿಂಗ್ ಮತ್ತು ಪರ್ಕ್‌ಗಳಿಂದ ಆಯುಧದ ಸ್ವಂತ ಡ್ಯಾಮೇಜ್ ಬೆಳೆದಂತೆಲ್ಲ ಆ 20ರ ಪಾಲು ಸಣ್ಣದಾಗುತ್ತಾ, ಸುತ್ತಿಗೆ ಮತ್ತೆ ಮೇಲಕ್ಕೆ ಬರುತ್ತದೆ. ಸುತ್ತಿಗೆಯ ಪವರ್ ಅಟ್ಯಾಕ್ ಎದುರಾಳಿಯನ್ನು ತತ್ತರಿಸುವಂತೆ ಮಾಡುತ್ತದೆ. ತತ್ತರಿಸಿದವನು ಆ ಹೊತ್ತು ನಿಮ್ಮನ್ನು ಹೊಡೆಯಲಾರ, ಅದು ಯಾವ ಡಿಪಿಎಸ್‌ಗೂ ಸಿಗದ ಲಾಭ.

ಒಂದು ಎಚ್ಚರಿಕೆ: ಎರಡೂ ಗೇಮಿನಲ್ಲಿ ಸ್ಪೀಡ್ ಅನ್ನುವ ಅಂಕಿ ಸೆಕೆಂಡಿಗೆ ಇಷ್ಟು ಏಟು ಅಂತಲ್ಲ. ಅದು ಬೀಸುವ ಅನಿಮೇಷನ್ ಎಷ್ಟು ಬೇಗ ಓಡಬೇಕು ಅನ್ನುವುದರ ಗುಣಕ, ಮತ್ತು ಒಂದು ಕೈ, ಎರಡು ಕೈಯ ಅನಿಮೇಷನ್‌ಗಳ ಉದ್ದ ಒಂದೇ ಇರುವುದಿಲ್ಲ. ಮೇಲಿನ ಗುಣಾಕಾರವೆಲ್ಲ ಅಂದಾಜು. ಎರಡು ಆಯುಧ ತೀರಾ ಹತ್ತಿರ ಬಂದರೆ ಗೋಡೆಯೆದುರು ನಿಂತು ಅರ್ಧ ನಿಮಿಷ ಬೀಸಿ, ಎಣಿಸಿ ನೋಡುವುದೇ ಮೇಲು.

## ನಾನು ಹಿಡಿಯುವ ಕ್ರಮ

ಹೊಸ ಗೇಮಿಗೆ ಬಿಲ್ಡ್ ಮಾಡುವಾಗ ನಾನೀಗ ಆಯುಧದ ಪಟ್ಟಿ ತೆರೆಯುವುದಿಲ್ಲ. ಮೊದಲು ಆರ್ಮರ್ ಹೇಗೆ ಕೆಲಸ ಮಾಡುತ್ತದೆ ಅಂತ ಹುಡುಕುತ್ತೇನೆ. ಪ್ರತಿ ಏಟಿನಿಂದಲೂ ಇಂತಿಷ್ಟು ಕಳೆಯುತ್ತದೆಯೇ ಅಥವಾ ಮಾರೋವಿಂಡ್‌ನ ಹಾಗೆ ಏಟಿನ ಗಾತ್ರ ನೋಡುತ್ತದೆಯೇ? ಹಾಗಿದ್ದರೆ ದೊಡ್ಡ ಏಟು. ಶೇಕಡಾವಾರೇ? ಹಾಗಿದ್ದರೆ ಮುಂದಿನ ಪ್ರಶ್ನೆ: ಏಟಿಗೆ ಇಷ್ಟು ಅಂತ ಸೇರುವ ಲಾಭ ಏನೇನಿದೆ? ಬೆಂಕಿ, ವಿಷ, ರಕ್ತಸ್ರಾವ, ಏಟಿಗಿಷ್ಟು ಹೆಲ್ತ್ ಹೀರುವುದು ಇಂಥವು ಎಷ್ಟು ಬೇಗ, ಎಷ್ಟು ದೊಡ್ಡದಾಗಿ ಸಿಗುತ್ತವೋ ಅಷ್ಟರ ಮಟ್ಟಿಗೆ ವೇಗ. ರೀಚಿನ ಸರದಿ ಕೊನೆಗೆ, ಮತ್ತು ಅದನ್ನು ಆಯುಧದ ಜೊತೆಗಲ್ಲ, ಪಾತ್ರದ ಕಾಲಿನ ವೇಗದ ಜೊತೆಗೆ ಇಟ್ಟು ನೋಡುತ್ತೇನೆ.

ಮಾರೋವಿಂಡ್‌ಗೆ ಮರಳಿದಾಗಲೆಲ್ಲ ನಾನು ಆರಂಭಿಸುವುದು ಈಟಿಯಿಂದಲೇ, ಮೇಲೆ ಅಷ್ಟೆಲ್ಲ ಕೆಳಗಿಳಿಸಿ ಬರೆದಿದ್ದರೂ. ಕಾರಣ ಜಗಳಕ್ಕೆ ಸಂಬಂಧಿಸಿದ್ದೇ ಅಲ್ಲ. ಅಲ್ಲಿ ಈಟಿ ಎಂಡ್ಯೂರೆನ್ಸ್ ಗುಣಕ್ಕೆ ಸೇರಿದ ಸ್ಕಿಲ್; ಈಟಿ ಬಳಸಿದಷ್ಟೂ ಲೆವೆಲ್ ಏರುವಾಗ ಎಂಡ್ಯೂರೆನ್ಸ್ ಹೆಚ್ಚು ಹೆಚ್ಚು ಏರಿಸಿಕೊಳ್ಳಬಹುದು. ಪ್ರತಿ ಲೆವೆಲ್‌ಗೂ ಸಿಗುವ ಹೆಲ್ತ್ ಆಗಿನ ಎಂಡ್ಯೂರೆನ್ಸ್‌ನ ಹತ್ತನೇ ಒಂದು ಭಾಗ, ಮತ್ತು ಹಿಂದಿನ ಲೆವೆಲ್‌ಗಳಿಗೆ ಅದು ಆಮೇಲೆ ಸೇರುವುದಿಲ್ಲ. ಆದ್ದರಿಂದ ಎಂಡ್ಯೂರೆನ್ಸ್ 100 ಮುಟ್ಟುವವರೆಗೆ ಈಟಿ, ಗೋಡೆಗೆ ಬೆನ್ನು ಕೊಡದ ಬಯಲು ಜಾಗಗಳು, ಹಗುರ ಕವಚ. ಅದು ಮುಟ್ಟಿದ ಮೇಲೆ ಲಾಂಗ್ ಬ್ಲೇಡ್‌ಗೆ ತರಬೇತುದಾರರ ಹತ್ತಿರ ದುಡ್ಡು ಸುರಿದು, ಸ್ಟ್ರೆಂಥ್ ಏರಿಸುತ್ತಾ, ಕವಚದ ಕಾವಲುಗಾರರ ಕಡೆ ಹೊರಡುವುದು.